212 ಲೀಡ್, ಮೂರು ಆರ್ಡರ್: ಏಜೆನ್ಸಿಯ ಮಾಸಿಕ ಜಾಹೀರಾತು ವರದಿಯನ್ನು ನವೀಕರಣಕ್ಕೆ ಮೊದಲು ಪರಿಶೀಲಿಸಿದ ಒಂದು ಪ್ರಕರಣ

ಹಿನ್ನೆಲೆ

ಈ ಪ್ರಕರಣದ ವ್ಯಾಪಾರ ತುಮಕೂರು ನಗರದ್ದು. ಮಾಡ್ಯುಲರ್ ಅಡುಗೆಮನೆ ಮತ್ತು ವಾರ್ಡ್‌ರೋಬ್ ಮಾಡಿಕೊಡುವ ಒಂದು ಶೋರೂಮ್, ನಗರದ ಹೊರವಲಯದಲ್ಲಿ ಅದರದೇ ಸಣ್ಣ ವರ್ಕ್‌ಶಾಪ್. ಮಾಲೀಕರು ಮತ್ತು ಏಜೆನ್ಸಿಯ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅಂಕಿಗಳನ್ನು ಅವುಗಳ ಪರಸ್ಪರ ಪ್ರಮಾಣ ಕೆಡದಂತೆ ಸರಿಸುಮಾರು ಮಾಡಿದ್ದೇನೆ. ಆ ಶೋರೂಮಿನ ಲೆಕ್ಕಪತ್ರಗಳನ್ನು ನೋಡಿಕೊಳ್ಳುವ ಕಾರಣಕ್ಕೆ ನಾನು ಈ ವಿಷಯದೊಳಗೆ ಬಂದೆ.

ಮಾಲೀಕರು ಹಿಂದಿನ ಏಪ್ರಿಲ್‌ನಲ್ಲಿ ಬೆಂಗಳೂರಿನ ಒಂದು ಏಜೆನ್ಸಿಯೊಂದಿಗೆ ಒಂದು ವರ್ಷದ ಒಪ್ಪಂದ ಮಾಡಿಕೊಂಡಿದ್ದರು. ತಿಂಗಳಿಗೆ ಜಾಹೀರಾತಿಗೆಂದು 60,000 ರೂಪಾಯಿ, ಏಜೆನ್ಸಿಯ ಶುಲ್ಕ 15,000 ರೂಪಾಯಿ, ಇವೆರಡರ ಮೇಲೆ ಶೇ. 18ರ ಜಿಎಸ್‌ಟಿ. ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಹಿಂಪಡೆಯುತ್ತಿದ್ದುದರಿಂದ ನಿಜವಾದ ವೆಚ್ಚ ತಿಂಗಳಿಗೆ 75,000 ರೂಪಾಯಿ. ಜಾಹೀರಾತಿನ ಹಣದಲ್ಲಿ 35,000 ಗೂಗಲ್ ಹುಡುಕಾಟದ ಜಾಹೀರಾತುಗಳಿಗೆ, 25,000 ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್‌ಗೆ ಹೋಗುತ್ತಿತ್ತು. ಒಪ್ಪಂದ ಮಾರ್ಚ್ 31ಕ್ಕೆ ಮುಗಿಯುತ್ತಿತ್ತಾದರೂ, ಬೇಡವೆಂದು ಹದಿನೈದು ದಿನ ಮೊದಲೇ ಲಿಖಿತವಾಗಿ ತಿಳಿಸದಿದ್ದರೆ ಅದು ತಾನಾಗಿಯೇ ಇನ್ನೊಂದು ವರ್ಷಕ್ಕೆ ಮುಂದುವರಿಯುತ್ತದೆ ಎಂಬ ಷರತ್ತು ಕೊನೆಯ ಪುಟದಲ್ಲಿತ್ತು.

ಸಮಸ್ಯೆ

ಪ್ರತಿ ತಿಂಗಳ ಮೊದಲ ವಾರದಲ್ಲಿ ಏಜೆನ್ಸಿಯಿಂದ ಹನ್ನೆರಡು ಪುಟಗಳ ಪಿಡಿಎಫ್ ಬರುತ್ತಿತ್ತು. ಜಾಹೀರಾತು ಎಷ್ಟು ಬಾರಿ ಕಾಣಿಸಿಕೊಂಡಿತು, ಎಷ್ಟು ಜನರನ್ನು ತಲುಪಿತು, ಎಷ್ಟು ಕ್ಲಿಕ್ ಬಂದವು ಎಂಬುದರ ಪಕ್ಕದಲ್ಲಿ ಹಸಿರು ಬಾಣಗಳು. ಎರಡನೆಯ ಪುಟದ ನಡುವೆ ದೊಡ್ಡ ಅಕ್ಷರಗಳಲ್ಲಿ ತಿಂಗಳ ಲೀಡ್‌ಗಳ ಸಂಖ್ಯೆ. ಡಿಸೆಂಬರ್ ವರದಿಯಲ್ಲಿ ಅದು 212; ಒಂದು ಲೀಡ್‌ಗೆ ತಗುಲಿದ ವೆಚ್ಚ 283 ರೂಪಾಯಿ. ಫೆಬ್ರವರಿಯದೂ ಹೆಚ್ಚುಕಡಿಮೆ ಹೀಗೆಯೇ ಇತ್ತು. ಎರಡು ಲಕ್ಷ ರೂಪಾಯಿಗೆ ಮೇಲ್ಪಟ್ಟ ಸರಕು ಮಾರುವವನಿಗೆ 283 ರೂಪಾಯಿಗೆ ಒಬ್ಬ ಗಿರಾಕಿಯ ಫೋನ್ ನಂಬರ್ ಸಿಗುತ್ತಿದೆ ಎಂದರೆ ಅದು ಬಲು ಅಗ್ಗ. ಆದರೆ ಶೋರೂಮಿನಲ್ಲಿ ಆ ಜನಸಂದಣಿ ಕಾಣಿಸುತ್ತಿರಲಿಲ್ಲ.

ಮಾರ್ಚ್ ಮೊದಲ ವಾರದಲ್ಲಿ ಮಾಲೀಕರು ಫೆಬ್ರವರಿಯ ವರದಿಯನ್ನು ಆರ್ಡರ್ ಪುಸ್ತಕದ ಪಕ್ಕದಲ್ಲಿಟ್ಟು ನೋಡಿದರು. ಜಾಹೀರಾತಿನಿಂದ ಬಂದದ್ದೆಂದು ಹೇಳಬಹುದಾದ ಆರ್ಡರ್ ಒಂದೇ ಒಂದು ಇತ್ತು. ಏಜೆನ್ಸಿ ಮೋಸ ಮಾಡುತ್ತಿದೆ ಎಂಬ ತೀರ್ಮಾನಕ್ಕೆ ಅವರು ಆಗಲೇ ಬಂದಿದ್ದರು. ಒಪ್ಪಂದ ಬೇಡವೆಂಬ ಪತ್ರವನ್ನು ಬರೆದುಕೊಡಲಷ್ಟೇ ನನ್ನನ್ನು ಕರೆದಿದ್ದರು.

ಯಾವ ತಿಂಗಳನ್ನು ಅಳೆಯಬೇಕು

ಪತ್ರ ಹೋಗುವ ಮೊದಲು ಏಜೆನ್ಸಿಯವರೊಂದಿಗೆ ಒಮ್ಮೆ ಮಾತಾಡುವುದು ಒಳಿತೆಂದು ನಿರ್ಧಾರವಾಯಿತು. ಈ ಖಾತೆಯನ್ನು ನೋಡಿಕೊಳ್ಳುತ್ತಿದ್ದ ಯುವಕ ಶೋರೂಮಿಗೇ ಬಂದ. ಫೆಬ್ರವರಿಯ ಒಂದೇ ಆರ್ಡರಿನ ವಿಷಯ ಎತ್ತಿದಾಗ ಅವನು ಕೇಳಿದ ಪ್ರಶ್ನೆ ನ್ಯಾಯವಾದದ್ದಾಗಿತ್ತು: "ಸರ್, ಅಡುಗೆಮನೆ ಮಾಡಿಸೋರು ವಿಚಾರಿಸಿದ ತಿಂಗಳಲ್ಲೇ ಅಡ್ವಾನ್ಸ್ ಕೊಡ್ತಾರಾ?"

ಕೊಡುವುದಿಲ್ಲ. ಹೊಸ ಮನೆ ಕಟ್ಟುವವರು ಟೈಲ್ಸ್ ಹಾಕಿಸುವ ಹೊತ್ತಿಗೆ ವಿಚಾರಿಸಲು ಶುರು ಮಾಡಿ, ಮೂರ್ನಾಲ್ಕು ಕಡೆ ಅಂದಾಜು ಪಟ್ಟಿ ತೆಗೆದುಕೊಂಡು, ಎರಡು ಮೂರು ತಿಂಗಳ ನಂತರ ಮುಂಗಡ ಕೊಡುತ್ತಾರೆ. ಅದರಲ್ಲೂ ಧನುರ್ಮಾಸದಲ್ಲಿ ವಿಚಾರಿಸಿದವರು ಸಂಕ್ರಾಂತಿ ಕಳೆದು, ಗೃಹಪ್ರವೇಶದ ಮುಹೂರ್ತ ಗೊತ್ತಾದ ಮೇಲೆಯೇ ಮುಂದಿನ ಮಾತು ಆಡುವುದು. ಫೆಬ್ರವರಿಯ ಖರ್ಚನ್ನು ಫೆಬ್ರವರಿಯ ಆರ್ಡರಿನೊಂದಿಗೆ ಹೋಲಿಸಿದರೆ ಏಜೆನ್ಸಿಗೆ ಅನ್ಯಾಯವಾಗುತ್ತಿತ್ತು. ವ್ಯಾಪಾರ ಚೆನ್ನಾಗಿರುವ ತಿಂಗಳಲ್ಲಿ ಇದೇ ಕ್ರಮ ಅನುಸರಿಸಿದ್ದರೆ ಸಲ್ಲದ ಹೆಗ್ಗಳಿಕೆ ಏಜೆನ್ಸಿಗೆ ಸಲ್ಲುತ್ತಿತ್ತು ಎಂಬುದೂ ಅಷ್ಟೇ ನಿಜ.

ಹೀಗಾಗಿ ಮೊದಲ ಪ್ರಶ್ನೆ ಏಜೆನ್ಸಿಗಿಂತ ಮೊದಲು ಮಾಲೀಕರು ತಮಗೇ ಕೇಳಿಕೊಳ್ಳಬೇಕಾದದ್ದಾಯಿತು: ನನ್ನ ಗಿರಾಕಿ ವಿಚಾರಿಸಿದ ದಿನದಿಂದ ಹಣ ಕೊಡುವ ದಿನದವರೆಗೆ ಎಷ್ಟು ಕಾಲ ತೆಗೆದುಕೊಳ್ಳುತ್ತಾನೆ? ಹಳೆಯ ಆರ್ಡರ್‌ಗಳನ್ನು ತಿರುವಿ ನೋಡಿದಾಗ ಬಹುಪಾಲು ಎಂಟರಿಂದ ಹನ್ನೊಂದು ವಾರಗಳ ನಡುವೆ ಬಿದ್ದವು. ಅದರಂತೆ ಡಿಸೆಂಬರ್ ತಿಂಗಳನ್ನು ಆರಿಸಿಕೊಂಡು, ಆ ತಿಂಗಳಲ್ಲಿ ವಿಚಾರಿಸಿದವರಲ್ಲಿ ಇಲ್ಲಿಯವರೆಗೆ ಏನಾಯಿತು ಎಂದು ನೋಡುವುದೆಂದು ಒಪ್ಪಿಕೊಂಡೆವು.

ಪಿಡಿಎಫ್ ಬದಲು ಖಾತೆ

ಎರಡನೆಯ ತಿರುವು ಖಾತೆಯ ಪ್ರವೇಶದ್ದು. ಹನ್ನೊಂದು ತಿಂಗಳಲ್ಲಿ ಮಾಲೀಕರು ಜಾಹೀರಾತು ಖಾತೆಯನ್ನು ಒಮ್ಮೆಯೂ ತಾವಾಗಿ ತೆರೆದು ನೋಡಿರಲಿಲ್ಲ. ಅವರಿಗೆ ಲಾಗಿನ್ ಇರಲೇ ಇಲ್ಲ. ಖಾತೆಗಳನ್ನು ಏಜೆನ್ಸಿಯೇ ತನ್ನ ಇಮೇಲ್‌ನಿಂದ ಸೃಷ್ಟಿಸಿತ್ತು. ಯಾವುದನ್ನೂ ಬದಲಿಸಲಾಗದ, ಬರೀ ನೋಡಲು ಬಿಡುವ `Read only` ಪ್ರವೇಶ ಗೂಗಲ್‌ನಲ್ಲಿದೆ. ಅದನ್ನು ಕೊಡಿ ಎಂದಾಗ, ತಮ್ಮ ಕೆಲಸದ ವಿಧಾನ ಹೊರಗೆ ಹೋಗುತ್ತದೆ ಎಂದು ಏಜೆನ್ಸಿ ಮೊದಲು ಹಿಂಜರಿಯಿತು. ಹಣ ಕೊಟ್ಟವನು ತನ್ನ ಹಣ ಎಲ್ಲಿ ಹೋಯಿತೆಂದು ನೋಡುವುದರಲ್ಲಿ ಯಾವ ಗುಟ್ಟು ಬಯಲಾಗುತ್ತದೋ ನನಗೆ ತಿಳಿಯದು. ಪ್ರವೇಶ ಸಿಗದಿದ್ದರೆ ನವೀಕರಣದ ಮಾತೇ ಇಲ್ಲವೆಂದು ಮಾಲೀಕರು ಹೇಳಿದ ಮರುದಿನ ಅದು ಸಿಕ್ಕಿತು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಪಿಡಿಎಫ್‌ನಲ್ಲಿ ಏನಿರಬೇಕೆಂದು ಏಜೆನ್ಸಿ ಆರಿಸುತ್ತದೆ, ಖಾತೆಯಲ್ಲಿ ಆರಿಸಲು ಅವಕಾಶ ಕಡಿಮೆ. ಮುಂದೆ ಹೇಳುವ ಎರಡು ವಿಷಯಗಳಲ್ಲಿ ಒಂದೂ ಆ ಹನ್ನೆರಡು ಪುಟಗಳಲ್ಲಿ ಇರಲಿಲ್ಲ. ಅಲ್ಲಿದ್ದ ಅಂಕಿಗಳಲ್ಲಿ ಸುಳ್ಳೂ ಇರಲಿಲ್ಲ ಎಂಬುದನ್ನು ಸೇರಿಸಬೇಕು.

"ಲೀಡ್ ಎಂದು ನೀವು ಯಾವುದನ್ನು ಎಣಿಸುತ್ತೀರಿ?"

ಡಿಸೆಂಬರ್‌ನ 212ರಲ್ಲಿ ಗೂಗಲ್‌ನ ಪಾಲು 118, ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್‌ನದು 94. ಗೂಗಲ್ ಖಾತೆಯಲ್ಲಿ ಅಂಕಿಗಳನ್ನು `Conversion action` ಪ್ರಕಾರ ಬಿಡಿಸಿದಾಗ ಆ 118 ಹೀಗೆ ಒಡೆಯಿತು: ವೆಬ್‌ಸೈಟಿನ ಸಂಪರ್ಕ ಪುಟವನ್ನು ತೆರೆದದ್ದು 41, ವಾಟ್ಸಾಪ್ ಬಟನ್ ಒತ್ತಿದ್ದು 46, ಫೋನ್ ನಂಬರ್ ಒತ್ತಿದ್ದು 22, ಹೆಸರು ಮತ್ತು ನಂಬರ್ ಬರೆದು ಅರ್ಜಿ ಕಳಿಸಿದ್ದು 9.

ಸಂಪರ್ಕ ಪುಟವನ್ನು ತೆರೆದವನು ವಿಳಾಸ ನೋಡಿಕೊಂಡು ಹೋಗಿರಬಹುದು, ಕೈತಪ್ಪಿ ತೆರೆದಿರಬಹುದು. ಅವನ ಹೆಸರೂ ಗೊತ್ತಿಲ್ಲ, ನಂಬರೂ ಗೊತ್ತಿಲ್ಲ. ವಾಟ್ಸಾಪ್ ಬಟನ್ ಒತ್ತಿದವರೆಲ್ಲ ಸಂದೇಶ ಕಳಿಸುವುದಿಲ್ಲ. ನಂಬರ್ ಒತ್ತಿದವರೆಲ್ಲ ಮಾತಾಡುವುದಿಲ್ಲ. ಜೊತೆಗೆ, ಎಣಿಕೆಯ ಆಯ್ಕೆಯಲ್ಲಿ `One` ಬದಲು `Every` ಇದ್ದುದರಿಂದ ಒಬ್ಬನೇ ವ್ಯಕ್ತಿ ಬಟನ್ ಮೂರು ಬಾರಿ ಒತ್ತಿದರೆ ಮೂರು ಲೀಡ್. ಅಂಗಡಿಗಳಲ್ಲಿ ಒಂದೊಂದು ಮಾರಾಟವನ್ನೂ ಎಣಿಸಲು ಆ ಆಯ್ಕೆ ಸರಿ, ವಿಚಾರಣೆಗಳನ್ನು ಎಣಿಸಲು ಸರಿಯಲ್ಲ. ಶೋರೂಮಿನ ಫೋನ್ ತೆಗೆದು ಡಿಸೆಂಬರ್‌ನ ವಾಟ್ಸಾಪ್ ಸಂಭಾಷಣೆ, ಕರೆಗಳ ಪಟ್ಟಿ ಮತ್ತು ಅರ್ಜಿಗಳನ್ನು ದಿನ, ಸಮಯ ನೋಡಿ ಹೊಂದಿಸಿದಾಗ ಆ 118ರ ಹಿಂದೆ ಇದ್ದದ್ದು 34 ಮನುಷ್ಯರು.

ಇಲ್ಲಿ ಸಂಖ್ಯೆ ಉಬ್ಬಿದ್ದಕ್ಕಿಂತ ದೊಡ್ಡ ತೊಂದರೆ ಬೇರೆ ಇತ್ತು. ಈ ನಾಲ್ಕನ್ನೂ ಖಾತೆಯಲ್ಲಿ `Primary` ಎಂದು ಗುರುತಿಸಲಾಗಿತ್ತು. ಹೆಚ್ಚು ಲೀಡ್ ತರುವಂತೆ ಬಿಡ್ ಅನ್ನು, ಅಂದರೆ ಒಂದು ಕ್ಲಿಕ್‌ಗೆ ಕೊಡಲು ಸಿದ್ಧವಿರುವ ಬೆಲೆಯನ್ನು, ಗೂಗಲ್ ತಾನಾಗಿಯೇ ಹೊಂದಿಸುವ ವಿಧಾನದಲ್ಲಿ ಖಾತೆ ನಡೆಯುತ್ತಿತ್ತು, ಆ ವಿಧಾನಕ್ಕೆ ಗುರಿ ಎಂದರೆ `Primary` ಎಂದು ಗುರುತಿಸಿದ ಕ್ರಿಯೆಗಳು. ಸಂಪರ್ಕ ಪುಟ ತೆರೆಯುವುದನ್ನು ಗುರಿಯಾಗಿ ಕೊಟ್ಟರೆ, ಅಗ್ಗವಾಗಿ ಪುಟ ತೆರೆಯುವವರನ್ನು ಅದು ಹುಡುಕಿ ತರುತ್ತದೆ. ಅಂದರೆ ತಪ್ಪು ಎಣಿಕೆ ವರದಿಯಲ್ಲಿ ಮಾತ್ರ ಉಳಿಯದೆ, ಮುಂದಿನ ತಿಂಗಳ ಹಣ ಎತ್ತ ಹೋಗಬೇಕೆಂಬುದನ್ನೂ ನಿರ್ಧರಿಸುತ್ತಿತ್ತು. ಮಾಸಿಕ ವರದಿ ಓದುವವರು ಈ ಒಂದನ್ನು ಕೇಳದೆ ಬಿಟ್ಟರೆ ಉಳಿದ ಪ್ರಶ್ನೆಗಳಿಗೆ ಹೆಚ್ಚಿನ ಅರ್ಥವಿರುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಫೇಸ್‌ಬುಕ್‌ನ 94 ಅರ್ಜಿಗಳ ಕಥೆ ಇನ್ನೊಂದು ಬಗೆಯದು. ಅವೆಲ್ಲ ಹೆಸರು, ನಂಬರ್ ಇದ್ದ ನಿಜವಾದ ಅರ್ಜಿಗಳೇ. ಶೋರೂಮಿನ ಸಿಬ್ಬಂದಿಯೊಬ್ಬರು ಪಟ್ಟಿಯನ್ನು ಮತ್ತೆ ಹಿಡಿದು ಎಲ್ಲರಿಗೂ ಕರೆ ಮಾಡಿದರು. ಹತ್ತೊಂಬತ್ತು ನಂಬರ್‌ಗಳು ತಪ್ಪು ಅಥವಾ ಎಷ್ಟು ಕರೆ ಮಾಡಿದರೂ ಎತ್ತದವು. ಇಪ್ಪತ್ತೇಳು ಮಂದಿಗೆ ಅರ್ಜಿ ತುಂಬಿದ ನೆನಪೇ ಇರಲಿಲ್ಲ, ಇಲ್ಲವೇ ಸುಮ್ಮನೆ ರೇಟ್ ಕೇಳಿದ್ದರು. ಮೂವತ್ತೊಂದು ಮಂದಿ ಶೋರೂಮ್ ಕೆಲಸ ಒಪ್ಪಿಕೊಳ್ಳುವ ಪ್ರದೇಶದ ಹೊರಗಿನವರು, ಹೆಚ್ಚಿನವರು ಬೆಂಗಳೂರಿನವರು. "ಅಣ್ಣಾ, ಇವರೆಲ್ಲ ಯಲಹಂಕ, ಕೆಂಗೇರಿ ಅಂತಾರೆ, ನಾವು ಅಲ್ಲಿಗೆ ಹೋಗಲ್ಲವಲ್ಲ," ಎಂದು ಆ ಸಿಬ್ಬಂದಿ ಮಾಲೀಕರಿಗೆ ಹೇಳಿದಾಗಲೇ ಮೂರನೆಯ ಪ್ರಶ್ನೆ ಹುಟ್ಟಿದ್ದು. ಉಳಿದ 17 ಮಂದಿ ಮಾತ್ರ ತುಮಕೂರು ಸುತ್ತಮುತ್ತ ಮನೆ ಕಟ್ಟುತ್ತಿದ್ದವರು.

"ಹಣ ಯಾವ ಊರಿಗೆ, ಯಾವ ಪದಕ್ಕೆ ಹೋಯಿತು?"

ಫೇಸ್‌ಬುಕ್ ಜಾಹೀರಾತಿಗೆ ತುಮಕೂರನ್ನು ಕೇಂದ್ರವಾಗಿಟ್ಟು ಎಂಬತ್ತು ಕಿಲೋಮೀಟರ್ ತ್ರಿಜ್ಯದ ವೃತ್ತ ಹಾಕಲಾಗಿತ್ತು. ತಿಪಟೂರು ಒಳಗೆ ಬರಬೇಕೆಂಬ ಉದ್ದೇಶದಿಂದ ಹಾಗೆ ಮಾಡಿದೆವೆಂದು ಏಜೆನ್ಸಿ ಹೇಳಿತು, ಅದು ನಂಬುವಂಥ ಮಾತೇ. ಆದರೆ ತುಮಕೂರಿನಿಂದ ಬೆಂಗಳೂರಿಗೆ ರಸ್ತೆಯಲ್ಲೇ ಎಪ್ಪತ್ತು ಕಿಲೋಮೀಟರ್ ಆಸುಪಾಸು; ನಕ್ಷೆಯ ಮೇಲೆ ನೇರವಾಗಿ ಅಳೆದರೆ ಇನ್ನೂ ಕಡಿಮೆ. ಆ ವೃತ್ತದೊಳಗೆ ರಾಜಧಾನಿಯ ಬಹುಭಾಗ ಬಂದು ಕುಳಿತಿತ್ತು. ಜನ ಹೆಚ್ಚಿರುವ ಕಡೆ ಅರ್ಜಿಗಳು ಸುಲಭವಾಗಿ ಸಿಗುವುದರಿಂದ ಹಣವೂ ಅತ್ತಲೇ ವಾಲಿತು. ಸಿರಾ, ಗುಬ್ಬಿ, ಕೊರಟಗೆರೆ, ಮಧುಗಿರಿಗಳಿಗೆ ಸಿಕ್ಕಿದ್ದು ಉಳಿದದ್ದು.

ಗೂಗಲ್‌ನಲ್ಲಿ ನೋಡಬೇಕಾದದ್ದು `Search terms` ಎಂಬ ಪಟ್ಟಿ. ಏಜೆನ್ಸಿ ಕೊಂಡುಕೊಂಡ ಪದಗಳ ಪಟ್ಟಿ ಬೇರೆ, ಜನ ನಿಜವಾಗಿ ಬರೆದು ಹುಡುಕಿದ ಪದಗಳ ಪಟ್ಟಿ ಬೇರೆ; ಇದು ಎರಡನೆಯದು. ತೀರಾ ಕಡಿಮೆ ಜನ ಹುಡುಕಿದ ಪದಗಳನ್ನು ಗೂಗಲ್ ಇಲ್ಲಿ ತೋರಿಸುವುದಿಲ್ಲವಾದ್ದರಿಂದ ಪಟ್ಟಿಯ ಮೊತ್ತ ಒಟ್ಟು ಖರ್ಚಿಗೆ ಸರಿಹೊಂದುವುದಿಲ್ಲ, ಅದನ್ನೇ ಹಿಡಿದು ಏಜೆನ್ಸಿಯೊಂದಿಗೆ ಜಗಳಕ್ಕೆ ಇಳಿಯಬಾರದು. ಕಾಣುತ್ತಿದ್ದುದರಲ್ಲೇ ಕಾರ್ಪೆಂಟರ್ ಕೆಲಸ ಹುಡುಕುವವರು, ಅಡುಗೆಮನೆ ಚಿತ್ರಗಳನ್ನು ಹುಡುಕುವವರು, ಸೆಕೆಂಡ್ ಹ್ಯಾಂಡ್ ಕಪಾಟು ಹುಡುಕುವವರು ಇದ್ದರು. ಇಂಥ ಪದಗಳು ಬಂದಾಗ ಜಾಹೀರಾತು ತೋರಿಸಬೇಡ ಎಂದು ಹೇಳಲು ನೆಗೆಟಿವ್ ಕೀವರ್ಡ್‌ಗಳ ಪಟ್ಟಿ ಇರುತ್ತದೆ. ಏಪ್ರಿಲ್‌ನಲ್ಲಿ ಸೇರಿಸಿದ ಕೆಲವು ಪದಗಳ ನಂತರ ಅದಕ್ಕೆ ಏನೂ ಸೇರಿರಲಿಲ್ಲ. `Change history` ತೆರೆದಾಗಲೂ ಇದೇ ಚಿತ್ರ: ನವೆಂಬರ್, ಡಿಸೆಂಬರ್‌ಗಳಲ್ಲಿ ಆದ ಬದಲಾವಣೆಗಳಲ್ಲಿ ಹೆಚ್ಚಿನವು ಗೂಗಲ್‌ನ ಶಿಫಾರಸುಗಳು ತಾವಾಗಿಯೇ ಜಾರಿಯಾದವು. ಹದಿನೈದು ಸಾವಿರದ ಶುಲ್ಕ ಯಾವ ಕೆಲಸಕ್ಕೆ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಈ ಪುಟದಲ್ಲಿ.

`Search terms` ಪಟ್ಟಿಯ ಮೇಲ್ತುದಿಯಲ್ಲಿದ್ದದ್ದು ಮಾಲೀಕರನ್ನು ಹೆಚ್ಚು ಯೋಚನೆಗೆ ಹಚ್ಚಿತು. ಗೂಗಲ್‌ನ 118 ಲೀಡ್‌ಗಳಲ್ಲಿ 52 ಶೋರೂಮಿನ ಹೆಸರನ್ನೇ ಬರೆದು ಹುಡುಕಿದವರಿಂದ ಬಂದಿದ್ದವು. ಈಗಾಗಲೇ ಕೆಲಸ ಮಾಡಿಸಿದವರು ಕಪಾಟಿನ ಕೀಲು ಸಡಿಲವಾಗಿದೆ ಎಂದು ನಂಬರ್ ಹುಡುಕಿದ್ದೂ ಅದರಲ್ಲಿತ್ತು, ನೆಂಟರ ಮನೆಯಲ್ಲಿ ಕೆಲಸ ನೋಡಿ ಹೆಸರು ಕೇಳಿಕೊಂಡು ಬಂದವರೂ ಇದ್ದರು. ಈ 52ಕ್ಕೆ ಖರ್ಚಾದದ್ದು 3,800 ರೂಪಾಯಿ, ಒಂದಕ್ಕೆ ಸುಮಾರು 73. ಅದನ್ನು ಬದಿಗಿಟ್ಟರೆ ಉಳಿದ 66ಕ್ಕೆ ತಗುಲಿದ್ದು 31,200 ರೂಪಾಯಿ, ಒಂದಕ್ಕೆ ಸುಮಾರು 473. ಅಗ್ಗದ ಸಾಲನ್ನು ದುಬಾರಿ ಸಾಲಿನೊಂದಿಗೆ ಕಲಸಿದ್ದರಿಂದಲೇ ಗೂಗಲ್‌ನ ಸರಾಸರಿ 297 ಎಂದು ಕಂಡದ್ದು. ಹೆಸರು ಹಿಡಿದು ಹುಡುಕಿದವರನ್ನು ಬೇರೆ ಸಾಲಿನಲ್ಲಿ ತೋರಿಸಿ ಎಂದು ಕೇಳಿದರೆ ಯಾವ ಏಜೆನ್ಸಿಗೂ ಅದು ಕಷ್ಟದ ಕೆಲಸವಲ್ಲ.

ಕೊನೆಗೆ ಉಳಿದ ಲೆಕ್ಕ

ಗೂಗಲ್‌ನಿಂದ ಬಂದ 34 ಮಂದಿಯಲ್ಲಿ 13 ಮಂದಿ ಹಳೆಯ ಗಿರಾಕಿಗಳು ಅಥವಾ ಬೇರೆ ಕೆಲಸಕ್ಕೆ ಕರೆ ಮಾಡಿದವರು. ಉಳಿದ 21ಕ್ಕೆ ಫೇಸ್‌ಬುಕ್‌ನ 17 ಸೇರಿದರೆ 38. ಹೀಗೆ 212 ಲೀಡ್‌ಗಳು 38 ಹೊಸ ಗಿರಾಕಿಗಳಾದವು. 283 ರೂಪಾಯಿ, ಶುಲ್ಕವನ್ನೂ ಸೇರಿಸಿದಾಗ, ಸುಮಾರು 2,000 ರೂಪಾಯಿ ಆಯಿತು. ಇವರಲ್ಲಿ 13 ಮನೆಗಳಿಗೆ ಹೋಗಿ ಅಳತೆ ತೆಗೆದಿದ್ದರು, ನಾಲ್ಕು ಆರ್ಡರ್ ಆಗಿದ್ದವು. ನಾಲ್ವರಿಗೂ ಫೋನ್ ಮಾಡಿ ವಿಚಾರಿಸಿದಾಗ ಒಬ್ಬರು ಹಳೆಯ ಗಿರಾಕಿಯ ಮಾತು ಕೇಳಿ ಬಂದವರೆಂದು ತಿಳಿಯಿತು. ಜಾಹೀರಾತಿನ ಲೆಕ್ಕಕ್ಕೆ ಸೇರಿಸಬಹುದಾದವು ಮೂರು.

ಮೂರು ಆರ್ಡರಿಗೆ 75,000 ಎಂದರೆ ಆರ್ಡರಿಗೆ 25,000. ಸರಾಸರಿ ಆರ್ಡರ್ 2,40,000 ರೂಪಾಯಿ. ಸಾಮಗ್ರಿ, ಕೂಲಿ, ಸಾಗಣೆ ಕಳೆದು ಉಳಿಯುವುದು ಶೇ. 22, ಅಂದರೆ 52,800. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಗಿರಾಕಿಯನ್ನು ತರುವುದಕ್ಕೇ ಹೋಗುತ್ತಿತ್ತು. ಇದು ಮೋಸವೂ ಅಲ್ಲ, ವರದಿಯ ಹಸಿರು ಬಾಣಗಳು ಸೂಚಿಸುತ್ತಿದ್ದ ಸುಭಿಕ್ಷವೂ ಅಲ್ಲ. ಬಾಡಿಗೆ, ಸಂಬಳ ಕೊಟ್ಟ ಮೇಲೂ ಕೈಯಲ್ಲಿ ಏನಾದರೂ ಉಳಿಯಬೇಕಾದರೆ ಆರ್ಡರಿಗೆ ಇಪ್ಪತ್ತು ಸಾವಿರಕ್ಕಿಂತ ಹೆಚ್ಚು ಕೊಡಲಾಗದು ಎಂದು ಮಾಲೀಕರು ಲೆಕ್ಕ ಹಾಕಿದರು. ಆ ಮಿತಿಯನ್ನು ಅವರು ಮೊದಲ ಬಾರಿಗೆ ಏಜೆನ್ಸಿಗೆ ಹೇಳಿದ್ದು ಅಂದೇ.

ಏಜೆನ್ಸಿಯ ಕಡೆಯ ಒಂದು ದೂರು ಇಲ್ಲಿ ಬರಲೇಬೇಕು. ಫೇಸ್‌ಬುಕ್ ಅರ್ಜಿಗಳನ್ನು ಅವರು ಬಂದ ದಿನವೇ ಹಂಚಿದ ಶೀಟ್‌ಗೆ ಹಾಕುತ್ತಿದ್ದರು. ಶೋರೂಮಿನವರು ಎರಡು ಮೂರು ದಿನ ಕಳೆದು ಕರೆ ಮಾಡುತ್ತಿದ್ದರು. ಅರ್ಜಿ ತುಂಬಿದ ನೆನಪಿಲ್ಲ ಎಂದ ಇಪ್ಪತ್ತೇಳು ಮಂದಿಯಲ್ಲಿ ಕೆಲವರಾದರೂ ಈ ವಿಳಂಬದಿಂದ ಕೈತಪ್ಪಿದವರು. ಮಾಲೀಕರು ಇದನ್ನು ಒಪ್ಪಿಕೊಂಡರು.

ನವೀಕರಣ ಮತ್ತು ನಂತರ

ಒಪ್ಪಂದವನ್ನು ಬಿಡಲಿಲ್ಲ, ಹಳೆಯ ರೂಪದಲ್ಲಿ ಮುಂದುವರಿಸಲೂ ಇಲ್ಲ. ತಾನಾಗಿ ಮುಂದುವರಿಯುವುದು ಬೇಡವೆಂದು ಮಾರ್ಚ್ 15ಕ್ಕೆ ಮೊದಲೇ ಪತ್ರ ಕೊಟ್ಟು, ಮೂರು ತಿಂಗಳ ಹೊಸ ಒಪ್ಪಂದ ಮಾಡಿಕೊಂಡರು. ಜಾಹೀರಾತಿನ ಹಣ 45,000ಕ್ಕೆ ಇಳಿಯಿತು, ಶುಲ್ಕ ಅಷ್ಟೇ ಉಳಿಯಿತು. ಗೂಗಲ್ ಖಾತೆಯ `Admin` ಪ್ರವೇಶ ಮಾಲೀಕರ ಇಮೇಲ್‌ಗೆ ಬಂದಿತು. ಫೇಸ್‌ಬುಕ್‌ನ ಜಾಹೀರಾತು ಖಾತೆ ಏಜೆನ್ಸಿಯ ಹೆಸರಿನಲ್ಲಿದ್ದುದರಿಂದ, ಅದನ್ನು ಎಳೆದಾಡುವ ಬದಲು ಶೋರೂಮಿನ ಹೆಸರಿನಲ್ಲೇ ಹೊಸದನ್ನು ತೆರೆದು ಏಜೆನ್ಸಿಗೆ ಅದರಲ್ಲಿ ಕೆಲಸ ಮಾಡುವ ಅವಕಾಶ ಕೊಡಲಾಯಿತು. ಹಳೆಯ ಖಾತೆ ಕಲಿತದ್ದೆಲ್ಲ ಅಲ್ಲೇ ಉಳಿಯಿತು, ಏಪ್ರಿಲ್‌ನ ಮೊದಲ ಎರಡು ವಾರ ಅರ್ಜಿಗಳು ದುಬಾರಿಯಾದವು.

ಸಂಪರ್ಕ ಪುಟದ ಎಣಿಕೆಯನ್ನು ಗುರಿಗಳಿಂದ ತೆಗೆದರು, ಎಣಿಕೆಯನ್ನು `One` ಮಾಡಿದರು. ದೊಡ್ಡ ವೃತ್ತದ ಬದಲು ತುಮಕೂರಿಗೆ ಒಂದು, ತಿಪಟೂರಿಗೆ ಒಂದು, ಸಿರಾಕ್ಕೆ ಒಂದು ಸಣ್ಣ ವೃತ್ತ ಹಾಕಿ ಬೆಂಗಳೂರನ್ನು ಹೊರಗಿಟ್ಟರು. ಹೆಸರಿನ ಹುಡುಕಾಟದ ಜಾಹೀರಾತನ್ನು ಕೆಲವು ವಾರ ನಿಲ್ಲಿಸಿ ನೋಡಿದರು. ನಕ್ಷೆಯ ಪಟ್ಟಿಯಲ್ಲಿ ಶೋರೂಮ್ ಹೇಗೂ ಕಾಣುತ್ತಿದ್ದುದರಿಂದ ಕರೆಗಳು ಕಡಿಮೆಯಾಗಲಿಲ್ಲ, ಆದರೆ ಅದೇ ಹೆಸರಿನ ಹುಡುಕಾಟದ ಮೇಲೆ ಬೇರೊಂದು ದೊಡ್ಡ ಕಂಪನಿಯ ಜಾಹೀರಾತು ಬರತೊಡಗಿತು. ತಿಂಗಳಿಗೆ 1,500 ರೂಪಾಯಿ ಮೀರದಂತೆ ಅದನ್ನು ಮತ್ತೆ ಶುರು ಮಾಡಿದರು.

ಏಪ್ರಿಲ್‌ನ ವರದಿಯಲ್ಲಿ ಲೀಡ್‌ಗಳು 63ಕ್ಕೆ ಇಳಿದವು. ಹಳೆಯ ಕಣ್ಣಿನಿಂದ ನೋಡಿದ್ದರೆ ಏಜೆನ್ಸಿ ಮುಳುಗಿತೆಂದೇ ಅನ್ನಿಸುತ್ತಿತ್ತು. ಅದರಲ್ಲಿ 41 ಮಂದಿ ತಮ್ಮ ಪ್ರದೇಶದ ಹೊಸ ಗಿರಾಕಿಗಳು, 14 ಮನೆಗಳ ಅಳತೆ, ಜುಲೈ ಹೊತ್ತಿಗೆ ಐದು ಆರ್ಡರ್. ಆರ್ಡರಿಗೆ 12,000 ರೂಪಾಯಿ. ಮೇ ತಿಂಗಳ ವಿಚಾರಣೆಗಳಿಂದ ಬಂದದ್ದು ಮೂರೇ ಆರ್ಡರ್, ಅಲ್ಲಿಗೆ 20,000, ಅಂದರೆ ಮಿತಿಯ ಅಂಚಿಗೇ ಬಂದು ನಿಂತಿತು. ಇಷ್ಟು ಸಣ್ಣ ಸಂಖ್ಯೆಗಳಲ್ಲಿ ಒಂದು ಆರ್ಡರ್ ಅತ್ತಿತ್ತ ಆದರೂ ಚಿತ್ರ ಬದಲಾಗುತ್ತದೆ. ಆಷಾಢವೂ ನಡುವೆ ಬಂದಿತ್ತು. ಆದ್ದರಿಂದ ಒಂದೊಂದೇ ತಿಂಗಳನ್ನು ಹಿಡಿದು ತೀರ್ಪು ಕೊಡದೆ ಮೂರು ತಿಂಗಳ ವಿಚಾರಣೆಗಳನ್ನು ಒಟ್ಟಿಗೆ ನೋಡುವುದೆಂದು ಎರಡೂ ಕಡೆಯವರು ಒಪ್ಪಿಕೊಂಡು, ಒಪ್ಪಂದವನ್ನು ಇನ್ನೊಂದು ಮೂರು ತಿಂಗಳಿಗೆ ವಿಸ್ತರಿಸಿದರು.

ಈಗ ವರದಿ ಎರಡು ಪುಟದ್ದು. ಏಜೆನ್ಸಿ ಲೀಡ್‌ಗಳ ಸಾಲನ್ನು ತುಂಬುತ್ತದೆ. ಅವರಲ್ಲಿ ಎಷ್ಟು ಮಂದಿ ಮಾತಿಗೆ ಸಿಕ್ಕರು, ಎಷ್ಟು ಮನೆಗಳ ಅಳತೆ ಆಯಿತು, ಎಷ್ಟು ಮುಂಗಡ ಬಂತು ಎಂಬ ಸಾಲುಗಳನ್ನು ಶೋರೂಮಿನವರು ತುಂಬುತ್ತಾರೆ. ಎರಡನೆಯ ಭಾಗ ಇನ್ನೂ ಸರಿಹೋಗಿಲ್ಲ. ನೇರವಾಗಿ ಶೋರೂಮಿಗೆ ಬಂದವರನ್ನು "ನಮ್ಮ ವಿಷಯ ಹೇಗೆ ಗೊತ್ತಾಯಿತು" ಎಂದು ಕೇಳಿ ರಿಜಿಸ್ಟರಿನಲ್ಲಿ ಬರೆಯಬೇಕು. ಮಾಲೀಕರು ಕೌಂಟರಿನಲ್ಲಿ ಇಲ್ಲದ ದಿನಗಳಲ್ಲಿ ಆ ಕಾಲಂ ಖಾಲಿ ಉಳಿಯುತ್ತದೆ, ಮತ್ತು ಅದು ಖಾಲಿ ಇರುವಷ್ಟು ದಿನ ಕೆಲವು ಆರ್ಡರ್‌ಗಳು ಬಿ.ಎಚ್. ರಸ್ತೆಯ ಫ್ಲೆಕ್ಸ್ ನೋಡಿ ಬಂದವೋ ಜಾಹೀರಾತಿನಿಂದ ಬಂದವೋ ಎಂಬುದನ್ನು ಏಜೆನ್ಸಿಯ ಯಾವ ವರದಿಯೂ ಹೇಳಲಾರದು.